‘ಹ’ ಹೋಗಿ ‘ಸ’ ಬಂದ ಸಂದೇಶ: ಒಂದು ಈಜಿಪ್ಟ್ ವಾಟ್ಸಾಪ್ ಚಾಟ್‌ನ ಅನುವಾದ ಪ್ರಕರಣ

ಇಬ್ಬರೂ ಈಜಿಪ್ಟಿನವರು. ಒಬ್ಬರದು ದುಬೈನಲ್ಲಿ ಸಣ್ಣ ಕೆಫೆ, ಇನ್ನೊಬ್ಬರದು ಡಮಿಯೆಟ್ಟಾದಲ್ಲಿ ಮರಗೆಲಸದ ವರ್ಕ್‌ಶಾಪ್. ನೈಲ್ ನದಿಯ ಪೂರ್ವದ ಕವಲು ಮೆಡಿಟರೇನಿಯನ್ ಸಮುದ್ರ ಸೇರುವ ಕಡೆ ಇರುವ ಈ ಡಮಿಯೆಟ್ಟಾ ಪೀಠೋಪಕರಣಕ್ಕೆ ಇಡೀ ಈಜಿಪ್ಟಿನಲ್ಲಿ ಹೆಸರಾದ ಊರು. ಕೆಫೆಯವರು 24 ಕುರ್ಚಿ, 6 ಮೇಜಿಗೆ ಆರ್ಡರ್ ಕೊಟ್ಟು ಮುಂಗಡ ಕಟ್ಟಿದರು. ಹೇಳಿದ ದಿನಕ್ಕೆ ಸಾಮಾನು ಬರಲಿಲ್ಲ. ಮುಂಗಡ ವಾಪಸ್ ಕೊಡಿ ಎಂದು ಶುರುವಾದ ಜಗಳ ದುಬೈನ ಅಂತರರಾಷ್ಟ್ರೀಯ ಹಣಕಾಸು ಕೇಂದ್ರದ ಕೋರ್ಟ್, ಅಂದರೆ ಡಿಐಎಫ್‌ಸಿ ಕೋರ್ಟ್ ತನಕ ಹೋಯಿತು. ದುಬೈನ ಸಾಮಾನ್ಯ ಕೋರ್ಟುಗಳ ಭಾಷೆ ಅರಬ್ಬಿ. ಡಿಐಎಫ್‌ಸಿ ಕೋರ್ಟಿನ ಭಾಷೆ ಇಂಗ್ಲಿಷ್. ಜಗಳ ಬಂದರೆ ಅಲ್ಲಿಗೇ ಹೋಗುವುದು ಎಂದು ಆರ್ಡರ್ ಪತ್ರದಲ್ಲಿ ಇಬ್ಬರೂ ಒಪ್ಪಿದ್ದರು. ಹಾಗಾಗಿ ಅವರ ವಾಟ್ಸಾಪ್ ಚಾಟ್ ಪೂರ್ತಿ ಇಂಗ್ಲಿಷಿಗೆ ಬರಬೇಕಾಯಿತು.

ಕೆಫೆಯವರ ವಕೀಲರು ಆ ಚಾಟನ್ನು ನಮ್ಮ ಅನುವಾದ ಕಚೇರಿಗೆ ಕೊಟ್ಟರು. ಕೊನೆಯಲ್ಲಿ ಸಹಿ, ಮೊಹರು ಹಾಕುವವರು ನ್ಯಾಯ ಸಚಿವಾಲಯದ ಪರವಾನಗಿ ಇರುವ ಅನುವಾದಕರು. ಅದಕ್ಕೆ ಮೊದಲು ಕರಡನ್ನು ಮೂಲದ ಜೊತೆ ಸಾಲುಸಾಲಾಗಿ ಹೋಲಿಸುವ ಕೆಲಸ ನನ್ನದು. ಈ ಇಬ್ಬರ ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.

ಅರಬ್ಬಿ ಗೊತ್ತಿಲ್ಲದವರಿಗೆ ಒಂದು ಹಿನ್ನೆಲೆ ಬೇಕು. ಅರಬ್ಬರು ಮನೆಯಲ್ಲಿ ಮಾತಾಡುವ ಭಾಷೆಯೇ ಬೇರೆ, ಪತ್ರಿಕೆಯಲ್ಲಿ, ಕೋರ್ಟಿನಲ್ಲಿ ಬಳಸುವ ಭಾಷೆಯೇ ಬೇರೆ. ಬರಹದ ಅರಬ್ಬಿಗೆ ಫುಸ್ಹಾ ಎನ್ನುತ್ತಾರೆ. ಆಡುಮಾತಿಗೆ ಆಮ್ಮಿಯಾ. ಆಮ್ಮಿಯಾ ದೇಶದಿಂದ ದೇಶಕ್ಕೆ ಬದಲಾಗುತ್ತದೆ, ಫುಸ್ಹಾ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಒಂದೇ ಸಮಾಜದಲ್ಲಿ ಒಂದು ಭಾಷೆಯ ಎರಡು ರೂಪಗಳು ಹೀಗೆ ಕೆಲಸ ಹಂಚಿಕೊಳ್ಳುವುದನ್ನು ವಿವರಿಸಿ ಚಾರ್ಲ್ಸ್ ಫರ್ಗ್ಯುಸನ್ 1959ರಲ್ಲಿ ಲೇಖನ ಬರೆದಾಗ ಅವರ ಮೊದಲ ಉದಾಹರಣೆಗಳಲ್ಲಿ ಅರಬ್ಬಿಯೂ ಇತ್ತು. ಮೊದಲೆಲ್ಲ ಬರೆಯುವುದು ಅಂದರೆ ಹೆಚ್ಚಾಗಿ ಫುಸ್ಹಾನೇ. ಎಸ್ಸೆಮ್ಮೆಸ್, ವಾಟ್ಸಾಪ್ ಬಂದ ಮೇಲೆ ಜನ ಆಡುಮಾತನ್ನೇ ಬರೆಯತೊಡಗಿದರು. ಅನುವಾದಕರ ಕಷ್ಟ ಶುರುವಾಗಿದ್ದೂ ಅಲ್ಲೇ.

ನಮಗೆ ಬಂದ ಮೊದಲ ಕರಡು ಓದಿದವರಿಗೆ ಇಬ್ಬರು ವಕೀಲರು ಪತ್ರ ಬರೆದುಕೊಂಡ ಹಾಗೆ ಕಾಣುತ್ತಿತ್ತು. ಅನುವಾದಕರು ವಿಶ್ವವಿದ್ಯಾಲಯದಲ್ಲಿ ಫುಸ್ಹಾ ಚೆನ್ನಾಗಿ ಕಲಿತವರು. ಕೋರ್ಟಿಗೆ ಹೋಗುವ ಕಾಗದ ತಾನೇ ಎಂದು ಎಲ್ಲವನ್ನೂ ಗಂಭೀರ ಇಂಗ್ಲಿಷಿಗೆ ಹಾಕಿದ್ದರು. ಬಾಗಿಲು ಬಡಿಯುವ ಹಾಗೆ ಬರೆದ ‘ಫೀನ್ ಇಲ್‌ಹಾಗಾ?’, ಅಂದರೆ ‘ಸಾಮಾನು ಎಲ್ಲಿ?’ ಅನ್ನುವ ಸಾಲು ‘ವೇರ್ ಆರ್ ದಿ ಗೂಡ್ಸ್ ಲೊಕೇಟೆಡ್?’ ಆಗಿತ್ತು. ಇದು ಬರೀ ಚೆನ್ನಾಗಿ ಕೇಳಿಸದ ವಿಷಯವಾಗಿದ್ದರೆ ನಾನು ಅಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಮೂರು ಕಡೆ ಅರ್ಥವೇ ಕೆಟ್ಟಿತ್ತು. ನಾಲ್ಕನೆಯ ಕಡೆ ಇಡೀ ಪ್ರಕರಣದ ಮುಖ್ಯ ಸಾಕ್ಷ್ಯವೇ ಕಣ್ಮರೆಯಾಗಿತ್ತು.

ಅರ್ಥ ಕೆಟ್ಟ ಕಡೆಗಳನ್ನು ಮೊದಲು ನೋಡೋಣ. ಕೆಫೆಯವರು ಕೇಳುತ್ತಾರೆ: ‘ತಬ್, ಇಲ್‌ಖಮೀಸ್ ಅಕೀದ್?’ ಅಂದರೆ ‘ಸರಿ ಹಾಗಾದ್ರೆ, ಗುರುವಾರ ಗ್ಯಾರಂಟಿನಾ?’ ಮರಗೆಲಸದವರ ಉತ್ತರ ಚಿಕ್ಕದು: ‘ಖಲಾಸ್ ಯಾ ಬಾಷಾ.’ ಕರಡಿನಲ್ಲಿ ಇದು ‘ಇಟ್ ಈಸ್ ಫಿನಿಶ್ಡ್, ಸರ್’ ಆಗಿತ್ತು. ಖಲಾಸ್ ಎಂಬ ಪದದ ಮೂಲದಲ್ಲಿ ಮುಗಿಯುವ ಅರ್ಥ ಇರುವುದು ನಿಜ. ಈಜಿಪ್ಟಿನ ಆಡುಮಾತಿನಲ್ಲಿ ಇಂಥ ಪ್ರಶ್ನೆಗೆ ಉತ್ತರವಾಗಿ ಬಂದಾಗ ಅದು ‘ಆಯ್ತು ಬಿಡಿ, ಮಾತು ಆಯ್ತು’ ಎಂದು. ಕೆಲಸ ಮುಗಿದಿದೆ ಎಂದು ಆತ ಹೇಳಿಯೇ ಇಲ್ಲ. ಮಾತು ಕೊಟ್ಟಿದ್ದಾರೆ, ಅಷ್ಟೇ. ಇಂಗ್ಲಿಷ್ ಸಾಲು ಹಾಗೇ ಹೋಗಿದ್ದರೆ, ಕುರ್ಚಿ ತಯಾರಾಗಿದೆ ಎಂದು ಸುಳ್ಳು ಹೇಳಿದರು ಎಂಬ ಆರೋಪ ಆ ಮನುಷ್ಯರ ಮೇಲೆ ಬರುತ್ತಿತ್ತು. ನಮ್ಮ ಕಕ್ಷಿದಾರರಿಗೆ ಅದರಿಂದ ಲಾಭವೇ ಆಗುತ್ತಿತ್ತು ಅನ್ನಿ. ಆದರೂ ಅದು ಸುಳ್ಳು ಅನುವಾದ. ‘ದಟ್ಸ್ ಸೆಟಲ್ಡ್, ಬಾಸ್’ ಎಂದು ಬದಲಿಸಿದೆವು.

ಎರಡನೆಯದು ಹಾದಿರ್. ಫುಸ್ಹಾದಲ್ಲಿ ಇದರ ಅರ್ಥ ಹಾಜರು. ಕ್ಲಾಸಿನಲ್ಲಿ ಹೆಸರು ಕೂಗಿದಾಗ ಹೇಳುವ ಮಾತು. ಈಜಿಪ್ಟಿನಲ್ಲಿ ಯಾರಾದರೂ ಕೆಲಸ ಹೇಳಿದಾಗ ‘ಹಾದಿರ್’ ಅಂದರೆ ‘ಆಗಲಿ, ಮಾಡ್ತೀನಿ’. ‘ಪೇಂಟ್ ಮಾಡುವ ಮೊದಲು ಫೋಟೋ ಕಳಿಸು’ ಎಂಬ ಸಂದೇಶದ ಕೆಳಗೆ ಇದು ಒಂಟಿಯಾಗಿ ಕೂತಿತ್ತು, ಅದೂ ಇಂಗ್ಲಿಷ್ ಅಕ್ಷರದಲ್ಲಿ, ಶುರುವಿನಲ್ಲಿ 7 ಹಾಕಿ. ಅರಬ್ಬರು ಇಂಗ್ಲಿಷ್ ಕೀಬೋರ್ಡಿನಲ್ಲಿ ಬರೆಯುವಾಗ ಗಂಟಲಿನ ಹ ಅಕ್ಷರಕ್ಕೆ 7, ಐನ್ ಅಕ್ಷರಕ್ಕೆ 3, ಹಮ್ಜಾಕ್ಕೆ 2 ಹಾಕುತ್ತಾರೆ. ಇದಕ್ಕೆ ಅರಬೀಝಿ ಎನ್ನುತ್ತಾರೆ. ಅರಬೀಝಿ ಕಂಡರೆ ಒಂದು ಅನುಕೂಲ ಉಂಟು: ಅದರಲ್ಲಿ ಫುಸ್ಹಾ ಬರೆಯುವವರು ತೀರಾ ಅಪರೂಪ. ಹಾಗಾಗಿ ಆಡುಮಾತು ಎಂದು ಹಿಡಿದೇ ಓದಲು ಶುರು ಮಾಡಬಹುದು.

ಮೂರನೆಯದು ಅಪಾಯದ್ದು. ಗುರುವಾರ ಕಳೆದು ಹೋಯಿತು. ಮರಗೆಲಸದವರು ‘ಮಅಲೇಶ್, ಬುಕ್ರಾ ಇನ್‌ಶಾ ಅಲ್ಲಾ’ ಎಂದು ಬರೆದರು. ‘ಬೇಜಾರ್ ಮಾಡ್ಕೋಬೇಡಿ, ನಾಳೆ’ ಎಂದು. ಮಾರನೆಯ ದಿನವೂ ಅದೇ. ಆಗ ಕೆಫೆಯವರು ಬರೆದ ಸಾಲು: ‘ಅನಾ ಇಲ್ಲಿ ಗಲ್ತಾನ್.’ ಪದಕ್ಕೆ ಪದ ಇಟ್ಟರೆ ‘ತಪ್ಪು ಮಾಡಿದವನು ನಾನೇ’. ಕರಡಿನಲ್ಲಿ ‘ಐ ಆ್ಯಮ್ ದಿ ಪಾರ್ಟಿ ಅಟ್ ಫಾಲ್ಟ್’ ಎಂದು ಬಂದಿತ್ತು. ಕಾಗದದ ಮೇಲೆ ಇದು ಪೂರ್ತಿ ತಪ್ಪೊಪ್ಪಿಗೆ! ಎದುರು ವಕೀಲರ ಕೈಗೆ ಸಿಕ್ಕರೆ ಬಿಡುತ್ತಾರಾ? ಈಜಿಪ್ಟಿನವರು ಈ ಮಾತು ಆಡುವುದು ನೊಂದು ಸಿಟ್ಟಾದಾಗ. ‘ನಿನ್ನನ್ನ ನಂಬಿದೆ ನೋಡು, ತಪ್ಪು ನಂದೇ’ ಎಂಬ ಧಾಟಿ ಅದು. ‘ನಿನ್ನನ್ನು ನಂಬಿದ್ದಕ್ಕೆ’ ಎಂಬ ಭಾಗವನ್ನು ಬಾಯಿ ಬಿಟ್ಟು ಹೇಳುವುದಿಲ್ಲ.

ಇಲ್ಲಿ ಸಹೋದ್ಯೋಗಿಯೊಬ್ಬರ ಜೊತೆ ಸ್ವಲ್ಪ ಹೊತ್ತು ಚರ್ಚೆ ಆಯಿತು. ಅವರು ಅಲೆಕ್ಸಾಂಡ್ರಿಯಾದವರು, ನನಗಿಂತ ಹಿರಿಯರು. ನಾನು ‘ನಿನ್ನನ್ನು ನಂಬಿದ್ದಕ್ಕೆ’ ಎಂದು ಸೇರಿಸೋಣ ಎಂದೆ. ಅವರು ಒಪ್ಪಲಿಲ್ಲ. ‘ಅವರು ಬರೆಯದ ಪದ ನಾವು ಬರೆದರೆ ಅದು ವಕೀಲಿಕೆ ಆಗುತ್ತದೆ. ಧಾಟಿಯನ್ನು ಧಾಟಿಯಿಂದಲೇ ತೋರಿಸಿ’ ಎಂದರು. ಕೊನೆಗೆ ‘ಮೈ ಮಿಸ್ಟೇಕ್, ದೆನ್’ ಎಂದು ಇಟ್ಟೆವು. ತಪ್ಪು ಎಂಬ ಪದ ಅಲ್ಲೇ ಇದೆ, ನಾವು ಏನನ್ನೂ ಮುಚ್ಚಿಡಲಿಲ್ಲ. ಕೊನೆಯ ‘ದೆನ್’ ಆ ಸಿಟ್ಟನ್ನು ಹೊರುತ್ತದೆ. ‘ಐ ಆ್ಯಮ್ ದಿ ಈಡಿಯಟ್ ಹಿಯರ್’ ಕೂಡ ಒಬ್ಬರು ಸೂಚಿಸಿದರು. ಅದು ಜಾಸ್ತಿಯಾಯಿತು. ಮೂಲದಲ್ಲಿ ಬೈಗುಳ ಇಲ್ಲ.

ಇಷ್ಟು ನೋಡಿದ ಮೇಲೆ ಕಚೇರಿಯಲ್ಲಿ ಇನ್ನೊಂದು ಸಲಹೆ ಬಂತು. ಹಾಗಾದರೆ ಚಾಟ್ ಪೂರ್ತಿಯನ್ನು ಬೀದಿ ಇಂಗ್ಲಿಷಿಗೆ ಹಾಕೋಣ, ‘ಬ್ರೋ’, ‘ಮೇಟ್’, ‘ಗೋಯಿಂಗ್ ಟು’ ಬದಲು ‘ಗಾನಾ’ ಎಲ್ಲ ಬರಲಿ ಎಂದು. ನಾನು ಅದಕ್ಕೂ ಬೇಡ ಎಂದೆ. ಕಾರಣ ಇದು. ಇಂಗ್ಲಿಷಿನಲ್ಲಿ ‘ಗಾನಾ’ ಎಂದು ಬರೆದರೆ ಬರೆದವರ ವಯಸ್ಸು, ಓದು, ವರ್ಗದ ಬಗ್ಗೆ ಓದುಗರ ಮನಸ್ಸಿನಲ್ಲಿ ಒಂದು ಚಿತ್ರ ಮೂಡುತ್ತದೆ. ಆಮ್ಮಿಯಾ ಹಾಗಲ್ಲ. ಕೈರೋದ ಪ್ರೊಫೆಸರೂ, ಡಾಕ್ಟರೂ, ನ್ಯಾಯಾಧೀಶರೂ ಮನೆಯವರಿಗೆ ಚಾಟ್ ಮಾಡುವುದು ಆಮ್ಮಿಯಾದಲ್ಲೇ. ಅದು ಅಲ್ಲಿನ ಮಾಮೂಲಿ ಮಾತು. ಹಾಗಾಗಿ ಅದಕ್ಕೆ ಸರಿಹೊಂದುವುದು ಮಾಮೂಲಿ ಇಂಗ್ಲಿಷ್: ‘ಐ’ಲ್’, ‘ಡೋಂಟ್’ ಥರದ ಕುಗ್ಗಿದ ರೂಪಗಳು, ಚಿಕ್ಕ ವಾಕ್ಯ, ದಿನಬಳಕೆಯ ಕ್ರಿಯಾಪದ. ಅದಕ್ಕಿಂತ ಕೆಳಗೆ ಇಳಿಸಿದರೆ ಇಬ್ಬರು ಮರ್ಯಾದಸ್ಥ ವ್ಯಾಪಾರಿಗಳನ್ನು ಪುಂಡರ ಹಾಗೆ ತೋರಿಸಿದಂತೆ ಆಗುತ್ತದೆ. ಇದು ನನಗೆ ತುಂಬ ಮುಖ್ಯ ಅನಿಸುವ ವಿಷಯ. ಕೋರ್ಟಿನಲ್ಲಿ ಆ ಮನುಷ್ಯರನ್ನು ಯಾರೂ ನೋಡದೆ ಹೋಗಬಹುದು, ನಾವು ಬರೆದ ಇಂಗ್ಲಿಷನ್ನು ಮಾತ್ರ ನೋಡುತ್ತಾರೆ.

ಈಗ ನಾಲ್ಕನೆಯ ಕಡೆ. ಎರಡು ವಾರ ‘ಬುಕ್ರಾ’ ಕೇಳಿದ ಮೇಲೆ, ಒಂದು ಭಾನುವಾರ ಬೆಳಿಗ್ಗೆ ಕೆಫೆಯವರು ಈ ಸಂದೇಶ ಕಳಿಸಿದರು: ‘ಉಅ್‌ಲಿಮುಕುಮ್ ಬಿಅನ್ನಹು ಫೀ ಹಾಲ್ ಅದಮ್ ಅತ್ತಸ್ಲೀಮ್ ಕಬ್ಲ್ ಅಲ್‌ಖಮೀಸ್ ಇಗ್ಗಾಯ್ ಸಉದ್ತರ್ರು ಇಲಾ ಇಸ್ತಿರ್ದಾದ್ ಅಲ್‌ಅರಬೂನ್.’ ಬರುವ ಗುರುವಾರದ ಒಳಗೆ ಸಾಮಾನು ತಲುಪಿಸದಿದ್ದರೆ ಮುಂಗಡ ವಾಪಸ್ ಪಡೆಯಬೇಕಾಗುತ್ತದೆ ಎಂಬ ಒಕ್ಕಣೆ. ಹಿಂದಿನ ಸಂದೇಶಗಳಲ್ಲಿ ‘ನೀನು’ ಎಂದವರು ಇಲ್ಲಿ ‘ತಮಗೆ’ ಎಂಬ ಬಹುವಚನಕ್ಕೆ ಹೋಗಿದ್ದಾರೆ. ಅಷ್ಟೇ ಅಲ್ಲ, ಭವಿಷ್ಯ ಹೇಳುವ ರೀತಿಯೇ ಬದಲಾಗಿದೆ. ಈಜಿಪ್ಟಿನವರು ಮಾತಾಡುವಾಗ ಕ್ರಿಯಾಪದದ ಮುಂದೆ ‘ಹ’ ಹಚ್ಚಿ ಭವಿಷ್ಯ ಹೇಳುತ್ತಾರೆ: ಹಬ್ಅತ್, ಕಳಿಸ್ತೀನಿ. ಫುಸ್ಹಾದಲ್ಲಿ ಅಲ್ಲಿ ‘ಸ’ ಬರುತ್ತದೆ. ಆವರೆಗಿನ ಇಡೀ ಚಾಟಿನಲ್ಲಿ ಒಂದೇ ಒಂದು ‘ಸ’ ಇರಲಿಲ್ಲ. ಇಲ್ಲಿ ಬಂತು.

ನಮ್ಮಲ್ಲೂ ಹೀಗೇ ಅಲ್ವಾ? ದಿನಾ ‘ಯಾವಾಗ ಕೊಡ್ತೀಯಾ’ ಎನ್ನುತ್ತಿದ್ದ ಮನುಷ್ಯ ಒಂದು ದಿನ ‘ಈ ಮೂಲಕ ತಮಗೆ ತಿಳಿಸುವುದೇನೆಂದರೆ’ ಎಂದು ಶುರು ಮಾಡಿದರೆ, ಮುಂದಿನ ಸಾಲು ಓದುವ ಮೊದಲೇ ಗೊತ್ತಾಗುತ್ತದೆ ಸಲುಗೆ ಮುಗಿಯಿತು ಎಂದು. ಫುಸ್ಹಾಗೆ ಹೋಗುವುದೇ ಇಲ್ಲಿ ನೋಟಿಸು.

ಮೊದಲ ಕರಡಿನಲ್ಲಿ ಈ ಸಂದೇಶದ ಅನುವಾದ ತಪ್ಪಾಗಿರಲಿಲ್ಲ. ಅದೂ ಗಂಭೀರ ಇಂಗ್ಲಿಷಿನಲ್ಲಿತ್ತು, ಇರಬೇಕಾದದ್ದೂ ಹಾಗೇ. ತೊಂದರೆ ಏನೆಂದರೆ ಅದರ ಹಿಂದೆ ಮುಂದೆ ಇದ್ದ ಎಲ್ಲ ಸಂದೇಶಗಳೂ ಅದೇ ಧಾಟಿಯಲ್ಲಿದ್ದವು. ಎಲ್ಲವೂ ನೋಟಿಸಿನ ಹಾಗೆ ಕಂಡಾಗ ನಿಜವಾದ ನೋಟಿಸು ಎಲ್ಲಿದೆ ಎಂದು ಕಾಣುವುದಿಲ್ಲ. ಬೀದಿ ಇಂಗ್ಲಿಷಿನ ಸಲಹೆ ಒಪ್ಪಿ ಇದನ್ನೂ ಸಡಿಲ ಮಾಡಿದ್ದರೆ ಫಲ ಅದೇ ಆಗುತ್ತಿತ್ತು. ಎದುರು ಕಡೆಯವರ ಮುಖ್ಯ ವಾದವೂ ಇದೇ ಜಾಗಕ್ಕೆ ಬಂದು ನಿಂತಿತ್ತು: ‘ನಾವು ಸ್ನೇಹಿತರ ಹಾಗೆ ಮಾತಾಡ್ತಿದ್ದೆವು, ಗಡುವು ಅಂತ ಯಾರೂ ಗಂಭೀರವಾಗಿ ಹೇಳಲಿಲ್ಲ.’ ಆದ್ದರಿಂದ ಚಾಟಿಗೆಲ್ಲ ಒಂದೇ ಧಾಟಿ ಆರಿಸುವುದನ್ನು ಬಿಟ್ಟು, ಪ್ರತಿ ಸಂದೇಶಕ್ಕೂ ಬೇರೆಯಾಗಿ ತೀರ್ಮಾನ ಮಾಡಿದೆವು. ಈ ಒಂದು ಸಂದೇಶ ಇಂಗ್ಲಿಷಿನಲ್ಲಿ ಹೀಗಾಯಿತು: ‘ಪ್ಲೀಸ್ ಬಿ ಅಡ್ವೈಸ್ಡ್ ದಟ್, ಇನ್ ದಿ ಇವೆಂಟ್ ಆಫ್ ನಾನ್-ಡೆಲಿವರಿ ಬಿಫೋರ್ ದಿಸ್ ಕಮಿಂಗ್ ಥರ್ಸ್‌ಡೇ, ಐ ಶಲ್ ಬಿ ಒಬ್ಲೈಜ್ಡ್ ಟು ರಿಕವರ್ ದಿ ಡೆಪಾಸಿಟ್.’ ಕುಗ್ಗಿದ ರೂಪ ಒಂದೂ ಇಲ್ಲ. ಮೇಲೆ ಕೆಳಗೆ ಹಲವು ಸಾಲುಗಳಲ್ಲಿ ಇವೆ. ಪುಟ ನೋಡಿದ ತಕ್ಷಣ ಈ ಸಾಲು ಎದ್ದು ಕಾಣುತ್ತದೆ, ಅರಬ್ಬಿ ಪುಟದಲ್ಲಿ ಎದ್ದು ಕಾಣುವ ಹಾಗೆಯೇ.

ಇಲ್ಲಿ ಒಂದು ಸಿಕ್ಕು ಇತ್ತು. ಸಂದೇಶದ ನಡುವೆ ‘ಇಗ್ಗಾಯ್’ ಎಂಬ ಪದ ಇದೆ. ‘ಬರುವ’ ಎಂಬುದಕ್ಕೆ ಅದು ಪಕ್ಕಾ ಈಜಿಪ್ಟಿನ ಆಡುಮಾತು. ಫುಸ್ಹಾದಲ್ಲಿ ಅಲ್‌ಕಾದಿಮ್ ಎನ್ನಬೇಕಿತ್ತು. ಹಾಗಾದರೆ ಇದು ಫುಸ್ಹಾನೋ ಅಲ್ಲವೋ? ಜನ ಬರೆಯುವ ಫುಸ್ಹಾ ಪಠ್ಯಪುಸ್ತಕದ ಹಾಗೆ ಇರುವುದಿಲ್ಲ. ಈಜಿಪ್ಟಿನ ಭಾಷಾತಜ್ಞ ಅಲ್‌ಸಯೀದ್ ಬದವಿ 1973ರಲ್ಲೇ ಎರಡು ರೂಪ ಎಂಬ ಲೆಕ್ಕ ಸಾಲದು ಎಂದು ತಮ್ಮ ದೇಶದ ಅರಬ್ಬಿಯನ್ನು ಐದು ಮಟ್ಟಗಳಾಗಿ ವಿವರಿಸಿದ್ದರು. ನಡುವಿನ ಮಟ್ಟಗಳಲ್ಲಿ ಎರಡೂ ಬೆರೆಯುತ್ತವೆ. ಬೆರಕೆ ಕಂಡಾಗ ನಾನು ನೋಡುವುದು ನಾಮಪದಗಳನ್ನಲ್ಲ, ವಾಕ್ಯದ ಕೀಲುಗಳನ್ನು. ಇಲ್ಲ ಅನ್ನುವುದಕ್ಕೆ ‘ಮಿಶ್’ ಬಂತೋ ‘ಲನ್’ ಬಂತೋ. ‘ಇದು’ ಅನ್ನುವುದಕ್ಕೆ ‘ದಾ’ ಇದೆಯೋ ‘ಹಾಝಾ’ ಇದೆಯೋ. ಭವಿಷ್ಯಕ್ಕೆ ಹ, ಸ ಯಾವುದು. ನಾಮಪದಗಳು ಎರಡೂ ಕಡೆ ಓಡಾಡುತ್ತವೆ, ಕೀಲುಗಳು ಅಷ್ಟು ಸುಲಭವಾಗಿ ಜಾಗ ಬಿಡುವುದಿಲ್ಲ. ಈ ಸಂದೇಶದಲ್ಲಿ ಕೀಲುಗಳೆಲ್ಲ ಫುಸ್ಹಾದವು, ಒಂದು ವಿಶೇಷಣ ಮಾತ್ರ ಆಡುಮಾತಿನದು. ಗಂಭೀರವಾಗಿ ಬರೆಯಲು ಕೂತ ಸಾಮಾನ್ಯ ಮನುಷ್ಯರ ಕೈಯಲ್ಲಿ ಜಾರಿದ ಪದ ಅದು. ಧಾಟಿ ಬದಲಿಸುವಷ್ಟು ತೂಕ ಅದಕ್ಕಿಲ್ಲ ಎಂದು ತೀರ್ಮಾನಿಸಿದೆವು.

ಕಾಗುಣಿತ ನೋಡಿ ತೀರ್ಮಾನಿಸಲು ಹೋದರೆ ಮಾತ್ರ ದಾರಿ ತಪ್ಪುತ್ತದೆ. ಕೈರೋದವರು ‘ನಿಂಗೆ ಹೇಳಿದ್ನಲ್ಲ’ ಅನ್ನಲು ‘ಉಲ್ತಿಲಕ್’ ಎನ್ನುತ್ತಾರೆ. ಬರೆಯುವಾಗ ಮೊದಲಿಗೆ ಫುಸ್ಹಾದ ಕಾಫ್ ಅಕ್ಷರವನ್ನೇ ಹಾಕುತ್ತಾರೆ. ಕಾಫ್ ಕಂಡ ಮಾತ್ರಕ್ಕೆ ಅದು ಫುಸ್ಹಾ ಅಲ್ಲ. ಪದದ ಕೊನೆಯ ಯಾ ಅಕ್ಷರಕ್ಕೆ ಚುಕ್ಕಿ ಇಡದಿರುವುದನ್ನು ನೋಡಿ ಇದು ಅಸಡ್ಡೆಯ ಬರವಣಿಗೆ ಎಂದು ಕರಡು ಮಾಡಿದವರು ಒಂದು ಕಡೆ ಟಿಪ್ಪಣಿ ಹಾಕಿದ್ದರು. ಈಜಿಪ್ಟಿನಲ್ಲಿ ಆ ಚುಕ್ಕಿ ಬಿಡುವುದು ರೂಢಿ, ಅಚ್ಚಾದ ಪುಸ್ತಕಗಳಲ್ಲೂ ಕಾಣುತ್ತದೆ. ಅದು ಬರೆದವರ ದೇಶ ಹೇಳುತ್ತದೆಯೇ ಹೊರತು ಧಾಟಿಯನ್ನಲ್ಲ. ಆ ಟಿಪ್ಪಣಿ ತೆಗೆಸಿದೆ.

ಇನ್‌ಶಾ ಅಲ್ಲಾ ಥರದ ಮಾತುಗಳೂ ಹೀಗೇ. ರೂಪದಲ್ಲಿ ಅವು ಫುಸ್ಹಾ. ಆದರೆ ಎಂಥ ಸಲುಗೆಯ ಮಾತಿನಲ್ಲೂ ಬರುತ್ತವೆ. ಅವನ್ನು ಕಂಡು ಧಾಟಿ ಏರಿತು ಎಂದುಕೊಳ್ಳಬಾರದು. ಕರಡಿನಲ್ಲಿ ‘ಬುಕ್ರಾ ಇನ್‌ಶಾ ಅಲ್ಲಾ’ ಎಂಬುದು ‘ಐ ಶಲ್ ಡೆಲಿವರ್ ಟುಮಾರೋ ಬೈ ದಿ ವಿಲ್ ಆಫ್ ಗಾಡ್’ ಎಂದು ಉದ್ದವಾಗಿ, ಮೂಲದಲ್ಲಿ ಇಲ್ಲದ ಕ್ರಿಯಾಪದ ಹೊತ್ತು ಬಂದಿತ್ತು. ಇಷ್ಟು ಗಟ್ಟಿ ವಚನ ಅಲ್ಲಿ ಇಲ್ಲ. ‘ಟುಮಾರೋ, ಇನ್‌ಶಾ ಅಲ್ಲಾ’ ಎಂದೇ ಬಿಟ್ಟೆವು. ದುಬೈನಲ್ಲಿ ಇಂಗ್ಲಿಷ್ ಓದುವ ಯಾರಿಗೂ ಆ ಮಾತನ್ನು ವಿವರಿಸಬೇಕಾಗಿಲ್ಲ.

ಅರಬೂನ್ ಎಂಬ ಪದದ ಬಗ್ಗೆ ಒಂದು ಮಾತು. ಸಲುಗೆಯ ಮಾತಿನಲ್ಲಿ ಅದು ಮುಂಗಡ, ಅಷ್ಟೇ. ಕಾನೂನಿನಲ್ಲಿ ಅದಕ್ಕೆ ಬೇರೆ ಭಾರ ಇದೆ. ಈಜಿಪ್ಟಿನ ಸಿವಿಲ್ ಸಂಹಿತೆಯ 103ನೇ ವಿಧಿಯ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ಅರಬೂನ್ ಕೊಟ್ಟವರು ಹಿಂದೆ ಸರಿದರೆ ಅದನ್ನು ಕಳೆದುಕೊಳ್ಳುತ್ತಾರೆ, ಪಡೆದವರು ಹಿಂದೆ ಸರಿದರೆ ಎರಡರಷ್ಟು ಕೊಡಬೇಕು. ಫುಸ್ಹಾ ಸಂದೇಶದಲ್ಲಿ ಮಾತ್ರ ಕಾನೂನಿನ ಪದ ಹಾಕಬೇಕೇ ಎಂದು ವಕೀಲರು ಕೇಳಿದರು. ಬೇಡ ಎಂದೆವು. ಅವರು ಎರಡೂ ಕಡೆ ಒಂದೇ ಪದ ಬಳಸಿದ್ದಾರೆ, ನಾವೂ ಎರಡೂ ಕಡೆ ‘ಡೆಪಾಸಿಟ್’ ಎಂದೇ ಇಟ್ಟೆವು. ಅದರ ಭಾರ ಎಷ್ಟು ಎಂದು ವಾದಿಸುವುದು ವಕೀಲರ ಕೆಲಸ.

ಆ ಫುಸ್ಹಾ ಸಂದೇಶಕ್ಕೆ ಬಂದ ಉತ್ತರವೇ ಎಲ್ಲಕ್ಕಿಂತ ಕಷ್ಟದ್ದು: ‘ಒಲಿಮ್ ವ ಯುನಫ್ಫಝ್ ಯಾ ಫಂದಿಮ್’, ಜೊತೆಗೆ ಸೆಲ್ಯೂಟ್ ಮಾಡುವ ಇಮೋಜಿ. ‘ತಿಳಿಯಲಾಯಿತು, ಜಾರಿಯಾಗುತ್ತದೆ’ ಎಂದು ಕರ್ಮಣಿ ಪ್ರಯೋಗದಲ್ಲಿ ಹೇಳುವ ಈ ಮಾತು ಈಜಿಪ್ಟಿನ ಸೈನ್ಯದ್ದು. ರೂಪ ಅಚ್ಚ ಫುಸ್ಹಾ. ಆದರೆ ಇಂದು ಗಂಡ ಹೆಂಡತಿಗೂ ಹೇಳುತ್ತಾನೆ, ‘ಬ್ರೆಡ್ ತಂದುಬಿಡಿ’ ಎಂದಾಗ, ನಗುತ್ತಾ. ಹಾಗಾದರೆ ಇದು ತಮಾಷೆಯೋ, ನೋಟಿಸು ಮುಟ್ಟಿತು ಎಂಬ ಒಪ್ಪಿಗೆಯೋ?

ಅಲೆಕ್ಸಾಂಡ್ರಿಯಾದ ಹಿರಿಯರು ಕೊನೆಯ ಪದದ ಕಡೆ ಬೆರಳು ಮಾಡಿದರು. ಆವರೆಗೆ ಮರಗೆಲಸದವರು ಕೆಫೆಯವರನ್ನು ‘ಯಾ ಬಾಷಾ’ ಎಂದೇ ಕರೆದಿದ್ದರು. ಗಂಡಸರ ನಡುವೆ ಅದು ಸ್ನೇಹದ ಮಾತು, ಸ್ವಲ್ಪ ಉಬ್ಬಿಸುವ ಮಾತು. ಈಗ ‘ಯಾ ಫಂದಿಮ್’ ಬಂದಿದೆ. ಇದನ್ನು ಆಫೀಸಿನಲ್ಲಿ ಮೇಲಿನವರಿಗೆ, ಪರಿಚಯ ಇಲ್ಲದ ಗಿರಾಕಿಗೆ ಹೇಳುತ್ತಾರೆ. ತಮಾಷೆ ಇದ್ದರೂ ಇರಬಹುದು, ಆದರೆ ಧಾಟಿ ಬದಲಾದದ್ದು ಅವರಿಗೂ ಮುಟ್ಟಿದೆ. ಇಂಗ್ಲಿಷಿನಲ್ಲಿ ಇದನ್ನು ತೋರಿಸಲು ‘ಸರ್’ ಎಂಬ ಪದ ಬೇಕು. ಮೊದಲ ಕರಡಿನಲ್ಲಿ ಪ್ರತಿ ‘ಬಾಷಾ’ಗೂ ‘ಸರ್’ ಖರ್ಚಾಗಿ ಹೋಗಿತ್ತು. ಹೊಸದರಲ್ಲಿ ‘ಬಾಷಾ’ ಎಲ್ಲ ಕಡೆ ‘ಬಾಸ್’ ಆಗಿದ್ದರಿಂದ ‘ಸರ್’ ಈ ಒಂದು ಸಾಲಿಗೆ ಉಳಿದಿತ್ತು.

ಸಾಲು ಹೀಗೆ ನಿಂತಿತು: ‘ನೋಟೆಡ್, ವಿಲ್ ಬಿ ಡನ್, ಸರ್.’ ಇಮೋಜಿಯನ್ನು ಇದ್ದ ಜಾಗದಲ್ಲೇ ಉಳಿಸಿ, ಕೆಳಗೆ ಅನುವಾದಕರ ಟಿಪ್ಪಣಿ ಹಾಕಿದೆವು. ಈ ಮಾತು ಸೈನ್ಯದ ಸೂತ್ರ, ನಿಜವಾದ ಒಪ್ಪಿಗೆಯಾಗಿಯೂ ಹಾಸ್ಯಕ್ಕೂ ಬಳಕೆಯಲ್ಲಿದೆ, ಹಿಂದಿನ ಸಂದೇಶ ಫುಸ್ಹಾದಲ್ಲಿದೆ, ಸಂಬೋಧನೆ ಇಲ್ಲಿ ಮೊದಲ ಸಲ ಬದಲಾಗಿದೆ ಎಂದು. ಯಾವ ಅರ್ಥ ಸರಿ ಎಂದು ಟಿಪ್ಪಣಿಯಲ್ಲಿ ಹೇಳಲಿಲ್ಲ.

ಎದುರು ಕಡೆಯವರೂ ತಮ್ಮ ಅನುವಾದ ತಂದಿದ್ದರು. ಭಾನುವಾರದ ಸಂದೇಶದಲ್ಲಿ ಅವರದಕ್ಕೂ ನಮ್ಮದಕ್ಕೂ ಪದಗಳ ಸಣ್ಣ ವ್ಯತ್ಯಾಸ ಮಾತ್ರ ಇತ್ತು. ಅವರೂ ಅದನ್ನು ಗಂಭೀರ ಧಾಟಿಯಲ್ಲೇ ಇಟ್ಟಿದ್ದರು. ‘ಮೈ ಮಿಸ್ಟೇಕ್, ದೆನ್’ ಎಂಬುದಕ್ಕೆ ತಕರಾರು ಬರಲಿಲ್ಲ. ಉತ್ತರದ ಸಾಲನ್ನು ಮಾತ್ರ ಅವರು ನಾವಿಕರು ಹೇಳುವ ಹಾಗೆ ‘ಐ ಐ, ಸರ್!’ ಎಂದು ಪೂರ್ತಿ ಹಾಸ್ಯಕ್ಕೆ ಹಾಕಿದ್ದರು. ಆ ಒಂದು ಸಾಲಿನ ಎರಡೂ ಅನುವಾದ, ಎರಡೂ ಟಿಪ್ಪಣಿ ಅಕ್ಕಪಕ್ಕದಲ್ಲೇ ಕಡತಕ್ಕೆ ಸೇರಿದವು. ವಿಚಾರಣೆಗೆ ಮೊದಲೇ ಇಬ್ಬರೂ ರಾಜಿಯಾಗಿ, ಮುಂಗಡದ ದೊಡ್ಡ ಪಾಲು ಕೆಫೆಯವರಿಗೆ ವಾಪಸ್ ಬಂತು.